ಬೆಲೆ ಇಳಿದದ್ದೆಲ್ಲ ಮಾರ್ಕ್‌ಡೌನ್ ಅಲ್ಲ: ಚಿಲ್ಲರೆ ಬೆಲೆ ವಿಧಾನದ ಒಂದು ಗೊಂದಲ

ಜವಳಿ ಅಂಗಡಿಗಳು ಸಾಲದ ಮಿತಿಗಾಗಿ ಬ್ಯಾಂಕಿಗೆ ಪ್ರತಿ ತಿಂಗಳು ಕೊಡುವ ದಾಸ್ತಾನು ಪಟ್ಟಿಗಳಲ್ಲಿ, ಚೀಟಿಯ ಬೆಲೆ ಯಾವ ಕಾರಣಕ್ಕೆ ಇಳಿದಿದ್ದರೂ ಅದನ್ನು ‘ಮಾರ್ಕ್‌ಡೌನ್’ ಎಂದೇ ಬರೆದುಬಿಡುವುದುಂಟು. ಉಳಿದ ಸರಕಿನ ಅಸಲನ್ನು ಅದರ ಮಾರುವ ಬೆಲೆಯಿಂದ ಅಂದಾಜು ಮಾಡುವ ಚಿಲ್ಲರೆ ಬೆಲೆ ವಿಧಾನದಲ್ಲಿ ಇದು ಬರೀ ಹೆಸರಿನ ತಪ್ಪಲ್ಲ. ಉಳಿದ ಸರಕಿನ ಮೌಲ್ಯವನ್ನೇ ಕೆಡಿಸುವ ತಪ್ಪು.

ವಿಧಾನದ ತಿರುಳು ಗೊತ್ತಿರುವುದೇ. ವರ್ಷದ ಆರಂಭದಲ್ಲಿದ್ದ ಸರಕು ಮತ್ತು ಖರೀದಿ ಎರಡನ್ನೂ ಅಸಲಿನಲ್ಲಿಯೂ ಮಾರುವ ಬೆಲೆಯಲ್ಲಿಯೂ ಬರೆದಿಡಬೇಕು; ಮಾರುವ ಬೆಲೆಯ ಮೊತ್ತದಲ್ಲಿ ಮಾರಾಟವನ್ನು ಕಳೆದರೆ ಅಂಗಡಿಯಲ್ಲಿ ಎಷ್ಟು ಬೆಲೆಯ ಸರಕು ಇರಬೇಕೆಂಬುದು ಸಿಗುತ್ತದೆ; ಅದನ್ನು ಅಸಲು–ಮಾರುಬೆಲೆ ಅನುಪಾತದಿಂದ ಗುಣಿಸಿದರೆ ಅಸಲಿನಲ್ಲಿ ಅಂದಾಜು ದೊರೆಯುತ್ತದೆ. ಪ್ರಶ್ನೆ ಇರುವುದು ಆ ಅನುಪಾತದ ಛೇದದಲ್ಲಿ ಏನೇನು ಸೇರಬೇಕು ಎಂಬುದರಲ್ಲಿ.

ಒಂದು ಸೀರೆಯನ್ನು ತೆಗೆದುಕೊಳ್ಳೋಣ. ಅದರ ಅಸಲು 600 ರೂಪಾಯಿ, ಅಂಗಡಿಗೆ ಬಂದ ದಿನ ಹಚ್ಚಿದ ಚೀಟಿ 1,000 ರೂಪಾಯಿ. ನಡುವಿನ 400 ರೂಪಾಯಿಯನ್ನು ಮಾರ್ಕಪ್ ಕಾಲಮಿಗೆ ಬರೆಯಬಾರದು, ಏಕೆಂದರೆ ಖರೀದಿಯ ಮಾರುಬೆಲೆಯೊಳಗೆ ಅದು ಆಗಲೇ ಸೇರಿದೆ. ದೀಪಾವಳಿಗೆ ಮುಂಚೆ ಚೀಟಿಯನ್ನು 1,200ಕ್ಕೆ ಏರಿಸಿದರೆ, ಆ 200 ರೂಪಾಯಿ ಮಾತ್ರ ಈ ವಿಧಾನದ ಮಾರ್ಕಪ್. ಹಬ್ಬ ಮುಗಿದ ಮೇಲೆ ಅದೇ ಸೀರೆಯನ್ನು 900ಕ್ಕೆ ಇಳಿಸಿದಾಗ ಒಟ್ಟು 300 ರೂಪಾಯಿ ಇಳಿದರೂ, ಅದರಲ್ಲಿ 1,200ರಿಂದ 1,000ದವರೆಗಿನ 200 ರೂಪಾಯಿ ಹಿಂದಿನ ಮಾರ್ಕಪ್‌ನ ರದ್ದತಿ. ಮೊದಲ ಚೀಟಿಗಿಂತ ಕೆಳಗಿಳಿದ 100 ರೂಪಾಯಿ ಮಾತ್ರ ಮಾರ್ಕ್‌ಡೌನ್. ಬೆಲೆಯನ್ನು 1,050ಕ್ಕೆ ಇಳಿಸಿ ನಿಲ್ಲಿಸಿದ್ದರೆ, ಗಿರಾಕಿಯ ಕಣ್ಣಿಗೆ ಅದು ರಿಯಾಯಿತಿಯಾದರೂ, ಲೆಕ್ಕದಲ್ಲಿ ಮಾರ್ಕ್‌ಡೌನ್ ಒಂದು ರೂಪಾಯಿಯೂ ಇರುವುದಿಲ್ಲ. ಗಡಿ ಯಾವಾಗಲೂ ಮೊದಲ ಚೀಟಿಯೇ.

ಈಗ ಒಂದು ವಿಭಾಗದ ಲೆಕ್ಕವನ್ನು ಊಹಿಸಿಕೊಳ್ಳೋಣ. ಆರಂಭದ ಸರಕು ಮತ್ತು ಖರೀದಿ ಸೇರಿ, ಸಾಗಣೆ ವೆಚ್ಚವೂ ಒಳಗೊಂಡು, ಅಸಲು 24 ಲಕ್ಷ. ಮೊದಲ ಚೀಟಿಗಳ ಪ್ರಕಾರ ಮಾರುಬೆಲೆ 37 ಲಕ್ಷ. ಮಾರ್ಕಪ್ 4 ಲಕ್ಷ, ಅದರಲ್ಲಿ ರದ್ದಾದದ್ದು 1 ಲಕ್ಷ. ಆದ್ದರಿಂದ ನಿವ್ವಳ 3 ಲಕ್ಷ ಸೇರಿ ಮಾರುಬೆಲೆ 40 ಲಕ್ಷವಾಗುತ್ತದೆ. ಸಾಂಪ್ರದಾಯಿಕ ವಿಧಾನದಲ್ಲಿ ಅನುಪಾತವನ್ನು ಇಲ್ಲಿಯೇ, ಮಾರ್ಕ್‌ಡೌನ್ ಕಳೆಯುವ ಮೊದಲೇ ತೆಗೆಯುತ್ತಾರೆ: ಶೇ. 60. ಆಮೇಲೆ 2.5 ಲಕ್ಷ ಮಾರ್ಕ್‌ಡೌನ್ ಮತ್ತು 30 ಲಕ್ಷ ಮಾರಾಟ ಕಳೆದರೆ 7.5 ಲಕ್ಷದ ಸರಕು ಉಳಿಯುತ್ತದೆ, ಅದರ ಅಸಲಿನ ಅಂದಾಜು 4.5 ಲಕ್ಷ. ಮಾರ್ಕ್‌ಡೌನನ್ನೂ ಛೇದದಲ್ಲಿ ಕಳೆದುಬಿಡುವ ಸರಾಸರಿ ವಿಧಾನದಲ್ಲಿ ಅನುಪಾತ ಶೇ. 64ಕ್ಕೆ ಏರಿ, ಅದೇ ಸರಕು 4.8 ಲಕ್ಷವಾಗುತ್ತದೆ. ಮೊದಲನೆಯದು ಬೇಕೆಂದೇ ಕಡಿಮೆ ಮೌಲ್ಯ ಕೊಡುತ್ತದೆ: ಬೆಲೆ ಇಳಿಸಬೇಕಾಗಿ ಬಂದ ಸರಕಿನ ನಷ್ಟವನ್ನು ಉಳಿದ ದಾಸ್ತಾನಿನ ಮೌಲ್ಯದಲ್ಲಿ ಹೊತ್ತು ಮುಂದಿನ ಅವಧಿಗೆ ದಾಟಿಸದೆ, ಅಸಲು ಮತ್ತು ಮಾರುಕಟ್ಟೆ ಮೌಲ್ಯ ಇವೆರಡರಲ್ಲಿ ಕಡಿಮೆಯಾದುದಕ್ಕೆ ಹತ್ತಿರವಾಗುವುದು ಅದರ ಉದ್ದೇಶ.

ರದ್ದಾದ 1 ಲಕ್ಷವನ್ನು ಗುಮಾಸ್ತರು ಮಾರ್ಕ್‌ಡೌನ್ ಎಂದು ಬರೆದರೆ ಏನಾಗುತ್ತದೆ? ಛೇದ 41 ಲಕ್ಷವಾಗಿ ಅನುಪಾತ ಸುಮಾರು ಶೇ. 58.5ಕ್ಕೆ ಕುಸಿಯುತ್ತದೆ, ದಾಸ್ತಾನು ಸುಮಾರು 4.39 ಲಕ್ಷಕ್ಕೆ ಇಳಿಯುತ್ತದೆ. ಹನ್ನೊಂದು ಸಾವಿರದಷ್ಟು ಲಾಭ ಕಾರಣವಿಲ್ಲದೆ ಮಾಯವಾಗುತ್ತದೆ. ಮಾರುಬೆಲೆಯಲ್ಲಿ ಉಳಿದ ಸರಕು ಮಾತ್ರ 7.5 ಲಕ್ಷವೇ ಆಗಿರುವುದರಿಂದ, ಕಪಾಟಿನ ಚೀಟಿಗಳನ್ನೆಲ್ಲ ಕೂಡಿಸಿ ನೋಡಿದರೂ ಈ ತಪ್ಪು ಸಿಕ್ಕಿಬೀಳುವುದಿಲ್ಲ. ಸರಾಸರಿ ವಿಧಾನದಲ್ಲಿಯೂ ಇದು ಕಾಣಿಸುವುದಿಲ್ಲ, ಏಕೆಂದರೆ ಅಲ್ಲಿ ಎರಡನ್ನೂ ಹೇಗೂ ಕಳೆಯಲಾಗುತ್ತದೆ. ಆದ್ದರಿಂದ ಬೆಲೆ ಬದಲಾವಣೆಯ ಪುಸ್ತಕದಲ್ಲಿ ಪ್ರತಿ ಸರಕಿನ ಮೊದಲ ಚೀಟಿ, ಏರಿಸಿದ್ದು, ಇಳಿಸಿದ್ದು ಮೂರೂ ಇರಲೇಬೇಕು. ಮಾರ್ಕ್‌ಡೌನ್ ಬರೆದ ಸರಕಿನ ಇಳಿಸಿದ ಬೆಲೆ ಮೊದಲ ಚೀಟಿಗಿಂತ ಕೆಳಗಿಲ್ಲದಿದ್ದರೆ ಆ ನಮೂದು ತಪ್ಪು.

ಕಪಾಟಿನ ಎಣಿಕೆ ಬೇರೊಂದನ್ನು ಹಿಡಿಯುತ್ತದೆ: ಚೀಟಿಗಳ ಮೊತ್ತ 7.5 ಲಕ್ಷದ ಬದಲು 7.3 ಲಕ್ಷ ಬಂದರೆ, 20,000 ರೂಪಾಯಿಯ ಸರಕು ಕಳವಾಗಿದೆ, ಹಾಳಾಗಿದೆ ಅಥವಾ ದಾಖಲೆ ತಪ್ಪಿದೆ. ಈ ಕೊರತೆಯನ್ನು ಅಂದಾಜು ತಾನಾಗಿ ತೋರಿಸದು. ಚೀಟಿಯ ಬೆಲೆ, ಮಾರಾಟ ಎರಡನ್ನೂ ಜಿಎಸ್‌ಟಿ ಸೇರಿಸದೆ ಬರೆಯಬೇಕು. ಚೀಟಿಯಲ್ಲಿ ತೆರಿಗೆ ಸೇರಿದ್ದು ಮಾರಾಟದ ಖಾತೆಯಲ್ಲಿ ಸೇರದಿದ್ದರೆ ಇಲ್ಲದ ಸರಕು ಇರುವಂತೆ ಕಾಣುತ್ತದೆ. ಲಾಭ ಕಡಿಮೆಯಿರುವ ಶಾಲಾ ಸಮವಸ್ತ್ರವನ್ನೂ ಲಾಭ ಹೆಚ್ಚಿರುವ ರೇಷ್ಮೆ ಸೀರೆಯನ್ನೂ ಒಂದೇ ಅನುಪಾತಕ್ಕೆ ಸೇರಿಸುವುದಂತೂ ಸಲ್ಲದು, ಏಕೆಂದರೆ ಉಳಿದಿರುವುದು ಬಹುಪಾಲು ಸೀರೆಯೇ ಆದರೆ ಅನುಪಾತ ಅದರದ್ದಾಗಿರುವುದಿಲ್ಲ. ಭಾರತೀಯ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 2 ಕೂಡ ಹಲವು ವೇಳೆ ವಿಭಾಗವಾರು ಸರಾಸರಿ ಶೇಕಡಾವಾರನ್ನು ಬಳಸಲಾಗುತ್ತದೆ ಎನ್ನುತ್ತದೆ, ಮತ್ತು ಫಲಿತಾಂಶ ನಿಜವಾದ ಅಸಲಿಗೆ ಹತ್ತಿರವಿದ್ದರೆ ಮಾತ್ರ ಈ ವಿಧಾನಕ್ಕೆ ಒಪ್ಪಿಗೆ ಕೊಡುತ್ತದೆ.