ಹಾರ್ಡ್ ಡಿಸ್ಕ್ ಹಳದಿಗೆ ತಿರುಗಿದಾಗ ಎಷ್ಟು ಅವಸರಪಡಬೇಕು?

ದಾವಣಗೆರೆಯ ಅಶೋಕ ರಸ್ತೆ ಬಳಿಯ ಒಂದು ಫೋಟೊ ಸ್ಟುಡಿಯೊ. ಮದುವೆಗಳ ಫೋಟೊ, ವಿಡಿಯೊ ಎಲ್ಲವೂ 2 ಟಿಬಿಯ ಒಂದೇ ಹಾರ್ಡ್ ಡಿಸ್ಕಿನಲ್ಲಿವೆ. ಡಿಸ್ಕಿನ ಆರೋಗ್ಯ ತೋರಿಸುವ CrystalDiskInfo ತಂತ್ರಾಂಶ ತೆರೆದರೆ ನೀಲಿಯ Good ಹೋಗಿ ಹಳದಿಯ Caution ಬಂದಿದೆ. 05 ಎಂಬ ಸಾಲಿನ ಕೊನೆಯಲ್ಲಿ 18, C5 ಸಾಲಿನ ಕೊನೆಯಲ್ಲಿ 8. "ಕಂಪ್ಯೂಟರ್ ಚೆನ್ನಾಗೇ ನಡೀತೈತಲ್ಲ, ಸೀಸನ್ ಮುಗೀಲಿ ನೋಡೋಣ" ಅಂದರು ಮಾಲೀಕರು. ರಿಪೇರಿಗೆ ಬಂದ ಹುಡುಗ ಒಪ್ಪಲಿಲ್ಲ: "05 ಒಂದೇ ಇದ್ರೆ ನಾನೂ ಹಂಗೇ ಅಂತಿದ್ದೆ ಅಣ್ಣಾ. C5 ಬಂದೈತಿ, ಮೊದ್ಲು ಕಾಪಿ ಮಾಡ್ಕಳಿ."

ಹುಡುಗ ಹೇಳಿದ್ದರಲ್ಲೇ ವಿಷಯದ ತಿರುಳಿದೆ. ಡಿಸ್ಕು ತನ್ನ ಮಾಹಿತಿಯನ್ನು ಸೆಕ್ಟರ್ ಎಂಬ ಸಣ್ಣ ಸಣ್ಣ ತುಂಡುಗಳಲ್ಲಿ ಬರೆದಿಡುತ್ತದೆ. ಒಂದು ಸೆಕ್ಟರನ್ನು ಎಷ್ಟು ಸಲ ಪ್ರಯತ್ನಿಸಿದರೂ ಓದಲಾಗದಿದ್ದರೆ ಅದನ್ನು ಬಾಕಿ ಪಟ್ಟಿಗೆ ಸೇರಿಸುತ್ತದೆ. ಆ ಪಟ್ಟಿಯ ಲೆಕ್ಕವೇ C5. ಕೆಟ್ಟ ಸೆಕ್ಟರುಗಳ ಬದಲಿಗೆಂದು ಇಟ್ಟ ಮೀಸಲು ಜಾಗ ಖಾಲಿಯಿದ್ದರೂ ಡಿಸ್ಕು ಅದನ್ನು ಆಗಲೇ ಅಲ್ಲಿಗೆ ಸಾಗಿಸಲಾರದು. ಒಳಗೆ ಏನಿತ್ತೆಂದೇ ಗೊತ್ತಿಲ್ಲದಿರುವಾಗ ಸಾಗಿಸುವುದೇನನ್ನು? ಮುಂದೆ ಯಾವಾಗಲಾದರೂ ಅದೇ ಜಾಗಕ್ಕೆ ಹೊಸದಾಗಿ ಬರೆಯುವ ಸಂದರ್ಭ ಬಂದಾಗ ಪರೀಕ್ಷಿಸಿ ನೋಡುತ್ತದೆ. ಬರೆದದ್ದು ಸರಿಯಾಗಿ ಉಳಿದರೆ ಸೆಕ್ಟರ್ ಬಾಕಿಯಿಂದ ಬಿಡುಗಡೆ. ಕರೆಂಟ್ ಹೋದಾಗ ಅರ್ಧ ಬರೆದು ಕೆಟ್ಟ ಸೆಕ್ಟರುಗಳು ಹೀಗೆ ಸರಿಹೋಗುವುದುಂಟು. ಉಳಿಯದಿದ್ದರೆ ಅದರ ವಿಳಾಸವನ್ನು ಮೀಸಲು ಜಾಗಕ್ಕೆ ಕೊಟ್ಟು, ಹೀಗೆ ಬದಲಾದ ಸೆಕ್ಟರುಗಳ ಲೆಕ್ಕವಾದ 05ನ್ನು ಏರಿಸುತ್ತದೆ.

ಹಾಗಾಗಿ 05 ಮುಗಿದುಹೋದ ಕಥೆ, C5 ಈ ಹೊತ್ತಿನ ತೊಂದರೆ. C5 ಸೊನ್ನೆಗಿಂತ ಹೆಚ್ಚಿದ್ದರೆ ಡಿಸ್ಕಿನ ಯಾವುದೋ ಭಾಗವನ್ನು ಓದಲಾಗುತ್ತಿಲ್ಲ, ಅಲ್ಲಿ ನಿಮ್ಮ ಫೈಲೇ ಇರಬಹುದು. ಬ್ಯಾಕಪ್ ಇವತ್ತೇ ಆಗಬೇಕು. 05 ಮಾತ್ರ ಇದ್ದು ವಾರಗಟ್ಟಲೆ ಕದಲದಿದ್ದರೆ, ಬ್ಯಾಕಪ್ ಮುಗಿಸಿ ಹೊಸ ಡಿಸ್ಕಿಗೆ ನಿಧಾನವಾಗಿ ದುಡ್ಡು ಹೊಂದಿಸಬಹುದು. ಕದಲದ ಲೆಕ್ಕವೂ ಅಲಕ್ಷ್ಯಕ್ಕೆ ತಕ್ಕದ್ದಲ್ಲ ಅನ್ನಿ: 2007ರಲ್ಲಿ ಗೂಗಲ್ ಎಂಜಿನಿಯರುಗಳು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಅಧ್ಯಯನ ಮಾಡಿದಾಗ, ಮೊದಲ ಸಲ ಸೆಕ್ಟರ್ ಬದಲಾದ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ ಉಳಿದವಕ್ಕಿಂತ 14 ಪಟ್ಟು ಹೆಚ್ಚು ಕಂಡಿತ್ತು.

ಇನ್ನೊಂದು ಗೋಜಲಿದೆ. CrystalDiskInfo ಕೊನೆಯ ಅಂಕಣವನ್ನು ಸಾಮಾನ್ಯವಾಗಿ ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ. ಅಲ್ಲಿ 18 ಎಂದರೆ ನಮ್ಮ 24. ಲಿನಕ್ಸಿನಲ್ಲಿ ಇದೇ ಕೆಲಸ ಮಾಡುವ smartctl ನಮ್ಮ ಎಂದಿನ ಲೆಕ್ಕದಲ್ಲೇ ಕೊಡುತ್ತದೆ. ಆದರೆ ಡಿಸ್ಕಿನ ಆರೋಗ್ಯದ ಬಗ್ಗೆ ಅದು ಕೊಡುವ PASSED ಎಂಬ ತೀರ್ಪು ನೋಡಿ ನೆಮ್ಮದಿಪಡಬೇಡಿ. ತಯಾರಕರು ಇಟ್ಟ ಕನಿಷ್ಠ ಮಟ್ಟಕ್ಕೆ ಅಂಕ ಕುಸಿಯುವವರೆಗೂ ಆ ಪದ ಬದಲಾಗದು, ಹತ್ತಾರು ಸೆಕ್ಟರ್ ಹೋದರೂ ಎಷ್ಟೋ ಡಿಸ್ಕುಗಳು PASSED ಅನ್ನುತ್ತಲೇ ಇರುತ್ತವೆ.

ಸ್ಟುಡಿಯೊದಲ್ಲಿ ಹುಡುಗ ಮೊದಲು ಮಾಡಿದ್ದು ವಿಂಡೋಸಿನ ಡಿಸ್ಕ್ ತಪಾಸಣೆಯ ಆದೇಶವಾದ chkdsk /r ಓಡಿಸದೇ ಇದ್ದದ್ದು. ಅದು ಇಡೀ ಡಿಸ್ಕನ್ನು ಗಂಟೆಗಟ್ಟಲೆ ಕೆದಕುತ್ತದೆ, ಫೈಲುಗಳ ಪಟ್ಟಿಯನ್ನೂ ತಿದ್ದುತ್ತದೆ. ನಕಲು ಇಲ್ಲದಾಗ ಎರಡೂ ಬೇಡ. 2 ಟಿಬಿಯನ್ನು ಸೆಕೆಂಡಿಗೆ 100 ಎಂಬಿಯಂತೆ ಓದಿದರೂ ಐದೂವರೆ ಗಂಟೆ ಬೇಕು, ಅಷ್ಟು ಹೊತ್ತು ಡಿಸ್ಕು ಬದುಕುತ್ತದೆಂಬ ಖಾತ್ರಿಯಿಲ್ಲ. ಅದಕ್ಕೇ ಇನ್ನೂ ಗಿರಾಕಿಗೆ ಕೊಡದ ಮದುವೆಗಳು ಮೊದಲು, ಆಲ್ಬಂ ಕೊಟ್ಟು ಮುಗಿದವು ಆಮೇಲೆ. ಒಂದು ವಿಡಿಯೊ ಅರ್ಧಕ್ಕೆ ನಿಂತಿತು. ಅದಕ್ಕೆ ಜೋತುಬೀಳದೆ ಬಿಟ್ಟು ಮುಂದೆ ಹೋದ, ಉಳಿದದ್ದೆಲ್ಲ ಬಂದ ಮೇಲೆ ಕೆಟ್ಟ ಜಾಗ ದಾಟಿ ನಕಲು ಮಾಡುವ ddrescue ಹಾಕಿ ಅದರಲ್ಲೂ ಓದಿದಷ್ಟನ್ನು ಎತ್ತಿಕೊಂಡ. ಒಂದು ಕಡೆ ಚಿತ್ರ ಕ್ಷಣಹೊತ್ತು ಒಡೆಯುತ್ತದೆ, ಅಷ್ಟೆ. ನಡುವೆ ಟಿಕ್ ಟಿಕ್ ಎಂಬ ಸದ್ದು ಬಂದಿದ್ದರೆ ಮಾತ್ರ ಅವನು ವಿದ್ಯುತ್ತನ್ನೇ ಕಡಿದು, ಡೇಟಾ ರಿಕವರಿಯವರ ಬಳಿ ಕಳಿಸುತ್ತಿದ್ದ. ಆಗ ಓಡಿಸಿದಷ್ಟೂ ನಷ್ಟ.

ನಕಲು ಮುಗಿದಾಗ 05 ಇದ್ದಲ್ಲೇ ಇತ್ತು, 24. C5 ಮಾತ್ರ ನಮ್ಮ ಲೆಕ್ಕದಲ್ಲಿ 40ಕ್ಕೆ ಏರಿತ್ತು. ತಿಂಗಳುಗಳಿಂದ ಯಾರೂ ಮುಟ್ಟದ ಹಳೆಯ ಫೈಲುಗಳನ್ನು ಓದಿದಾಗಲೇ ಕೆಟ್ಟ ಜಾಗಗಳು ಬಯಲಿಗೆ ಬಂದವು. ಎಲ್ಲವೂ ಎರಡು ಕಡೆ ಭದ್ರವಾದ ಮೇಲೆ ಆ ಡಿಸ್ಕನ್ನು ಪೂರ್ತಿ ಫಾರ್ಮ್ಯಾಟ್ ಮಾಡಿದ, ಕ್ವಿಕ್ ಅಲ್ಲ. ಪ್ರತಿ ಸೆಕ್ಟರಿಗೂ ಬರೆದದ್ದರಿಂದ C5 ಸೊನ್ನೆಯಾಯಿತು, 05 ಮಾತ್ರ 56 ಮುಟ್ಟಿತು: ಬಾಕಿಯಿದ್ದ 40ರಲ್ಲಿ 8 ಸುಧಾರಿಸಿದ್ದವು, 32 ಹೋಗಿದ್ದವು. ಮಾಲೀಕರು ಹಳದಿಯಲ್ಲೇ ಬಳಸುವ ಆಸೆಯಲ್ಲಿದ್ದರು. ಇನ್ನೊಮ್ಮೆ ಫಾರ್ಮ್ಯಾಟ್ ಮಾಡಿಸಿದಾಗ 05 ಮತ್ತೆ ಏರಿ 96 ಆಯಿತು. ಎರಡನೇ ಸುತ್ತಿನಲ್ಲೂ ಹೊಸ ಜಾಗಗಳು ಕೆಡುತ್ತಿವೆಯೆಂದರೆ ಹಾನಿ ಒಳಗೆ ಹರಡುತ್ತಿದೆ. ಡಿಸ್ಕು ಅಂದೇ ಕಂಪ್ಯೂಟರಿನಿಂದ ಹೊರಬಂತು. ಅದೇ ಮೇಜಿನ ಇನ್ನೊಂದು ಡಿಸ್ಕಿನಲ್ಲೂ 05 ಸಾಲಿನಲ್ಲಿ 16 ಇದೆ. ಪೂರ್ತಿ ಫಾರ್ಮ್ಯಾಟಿನ ನಂತರವೂ ಅದು ಕದಲಲಿಲ್ಲ, C5 ಸೊನ್ನೆ. ಎಡಿಟಿಂಗಿನ ತಾತ್ಕಾಲಿಕ ಫೈಲುಗಳಿಗೆಂದು ಅದನ್ನು ಉಳಿಸಿಕೊಂಡಿದ್ದಾರೆ, ತಿಂಗಳಿಗೊಮ್ಮೆ ಅಂಕಿ ನೋಡುತ್ತಾರೆ.