ಆ 120 ರೂಪಾಯಿ ಎಲ್ಲಿ ಹೋಯಿತು?

ನಮ್ಮ ಭಾವನದು ನೀರಿನ ಕ್ಯಾನ್ ವ್ಯಾಪಾರ. ಇಬ್ಬರು ಹುಡುಗರು ಆಟೋದಲ್ಲಿ ಮನೆಮನೆಗೆ ಕ್ಯಾನ್ ಹಾಕುತ್ತಾರೆ. ಅವರ ಫೋನಿನಲ್ಲಿ ಗಿರಾಕಿಗಳ ಪಟ್ಟಿ ಇದೆ, ಯಾರದು ಎಷ್ಟು ಬಾಕಿ ಅಂತ. ಅದೇ ಪಟ್ಟಿ ಅಂಗಡಿಯ ಕಂಪ್ಯೂಟರಿನಲ್ಲೂ ಇದೆ, ನೆಟ್‌ವರ್ಕ್ ಸಿಕ್ಕಾಗ ಎರಡೂ ಸಿಂಕ್ ಆಗುತ್ತವೆ. ಆ್ಯಪ್ ಬರೆದುಕೊಟ್ಟವನು ನಾನೇ, ಹಾಗಾಗಿ ಮುಂದೆ ಹೇಳೋ ತಪ್ಪೂ ನನ್ನದೇ.

ಒಂದು ದಿನ ಭಾವ ಫೋನ್ ಮಾಡಿದರು. "ಹುಡುಗ ಮೂರು ಕ್ಯಾನ್ ಹಾಕಿದೀನಿ ಅಂತಾನೆ, ಲೆಕ್ಕದಲ್ಲಿ ಬಾಕಿ ಸೊನ್ನೆ ತೋರಿಸ್ತಿದೆ. ದುಡ್ಡು ಇಸ್ಕೊಂಡು ಜೇಬಿಗೆ ಹಾಕ್ಕೊಂಡ್ನಾ ಅಂತ ಅನುಮಾನ, ನೋಡು ಸ್ವಲ್ಪ."

ನೋಡಿದೆ. ಬದಲಾವಣೆಗಳ ದಾಖಲೆ, ಅಂದರೆ ಆಡಿಟ್ ಟ್ರೇಲ್, ಇಟ್ಟಿದ್ದೆ. ಆ ಗಿರಾಕಿಯ ಮುಂದೆ ಒಂದೇ ಸಾಲು: ಬೆಳಿಗ್ಗೆ 11:30ಕ್ಕೆ, ಅಂಗಡಿಯ ಕಂಪ್ಯೂಟರಿನಿಂದ, ಬಾಕಿ 480 ಇದ್ದದ್ದು 0 ಆಗಿದೆ. ಹುಡುಗನ ಸುದ್ದಿಯೇ ಇಲ್ಲ. ದಾಖಲೆ ನೋಡಿದರೆ ಅವನು ಸುಳ್ಳು ಹೇಳುತ್ತಿದ್ದಾನೆ ಅಂತಲೇ ಅನ್ನಿಸಬೇಕು.

ನಡೆದದ್ದು ಬೇರೆ. ಬೆಳಿಗ್ಗೆ 9:10ಕ್ಕೆ ಹುಡುಗ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿದ್ದ, ಅಲ್ಲಿ ಸಿಗ್ನಲ್ ಇಲ್ಲ. ಕ್ಯಾನಿಗೆ 40ರಂತೆ ಮೂರು ಕ್ಯಾನ್, 120 ರೂಪಾಯಿ. ಅವನ ಫೋನಿನಲ್ಲಿ ಬಾಕಿ 480ರಿಂದ 600 ಆಯಿತು. ಅದೇ ಗಿರಾಕಿ 11:30ಕ್ಕೆ ಅಂಗಡಿಗೆ ಬಂದು ಹಳೇ ಬಾಕಿ 480 ಕೊಟ್ಟು ಹೋದರು, ಅಂಗಡಿಯಲ್ಲಿ ಸೊನ್ನೆ ಮಾಡಿದರು. ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಹುಡುಗನ ಫೋನ್ ಸಿಂಕ್ ಆಯಿತು. ಒಂದೇ ಮನೆಯ ಬಾಕಿ, ಎರಡು ಸಂಖ್ಯೆ. ಇಂಥಾ ಕಡೆ ನಾನು ಇಟ್ಟಿದ್ದ ನಿಯಮ, ಬಹಳ ಜನ ಇಡುವುದೂ ಅದೇ: ಯಾವುದು ಕೊನೆಗೆ ಬದಲಾಗಿದೆಯೋ ಅದು ಗೆಲ್ಲುತ್ತದೆ. 9:10ಕ್ಕಿಂತ 11:30 ಈಚಿನದು, ಸೊನ್ನೆ ಉಳಿಯಿತು, 600 ಹೋಯಿತು. ಸರಿಯಾದ ಉತ್ತರ 120, ಅದು ಎರಡೂ ಕಡೆ ಇರಲೇ ಇಲ್ಲ.

ದಾಖಲೆಯಲ್ಲಿ ಇದು ಯಾಕೆ ಬರಲಿಲ್ಲ? ನಾನು ಅದನ್ನು ಡೇಟಾಬೇಸಿನ ಟ್ರಿಗರ್‌ನಿಂದ ಬರೆಸುತ್ತಿದ್ದೆ. ಟ್ರಿಗರ್ ಅಂದರೆ, ಒಂದು ಸಾಲು ಬದಲಾದ ತಕ್ಷಣ ಹಳೇ ಸಂಖ್ಯೆ, ಹೊಸ ಸಂಖ್ಯೆ ಎರಡನ್ನೂ ತಾನಾಗಿ ಇನ್ನೊಂದು ಪಟ್ಟಿಗೆ ಬರೆಯುವ ಪುಟ್ಟ ಸೂಚನೆ. ಆದರೆ ಅದು ಏಳುವುದು ಏನಾದರೂ ಬದಲಾದಾಗ ಮಾತ್ರ. ಹುಡುಗನ 600 ಬಂತು, ಸೋತಿತು, ಸಾಲು ಬದಲಾಗಲಿಲ್ಲ, ಟ್ರಿಗರ್‌ಗೆ ಎಚ್ಚರವೇ ಆಗಲಿಲ್ಲ. ಸಿಂಕ್‌ನಲ್ಲಿ ಡೇಟಾ ಕಳೆದುಹೋಗುವುದು ಹೆಚ್ಚಾಗಿ ಹೀಗೇ, ಏನೋ ಬದಲಾಗಿ ಅಲ್ಲ, ಬದಲಾಗಬೇಕಾದದ್ದು ಬದಲಾಗದೆ.

ಈಗ ದಾಖಲೆಯನ್ನು ಸಿಂಕ್ ಮಾಡುವ ಕೋಡೇ ಬರೆಯುತ್ತದೆ, ಗೆದ್ದದ್ದಕ್ಕೂ ಸೋತದ್ದಕ್ಕೂ ಒಂದೊಂದು ಸಾಲು. ಅದೇ ದಿನವನ್ನು ಹೊಸ ರೀತಿಯಲ್ಲಿ ಮತ್ತೆ ಓಡಿಸಿ ನೋಡಿದಾಗ ಬಂದದ್ದು ಇದು:

```
time      device  base  here  incoming  kept  rule
11:30:04  office  480   480   0         0     clean
13:02:17  phone2  480   0     600       0     newer_wins
```

`time` ಅಂದರೆ ಅಂಗಡಿಗೆ ತಲುಪಿದ ಹೊತ್ತು, ಫೋನಿನಲ್ಲಿ ಬದಲಾದ ಹೊತ್ತಲ್ಲ. `here` ಅಂದರೆ ಆ ಹೊತ್ತಿಗೆ ಅಂಗಡಿಯಲ್ಲಿ ಇದ್ದದ್ದು, `incoming` ಬಂದದ್ದು, `kept` ಕೊನೆಗೆ ಉಳಿದದ್ದು, `rule` ಯಾವ ನಿಯಮದಿಂದ ಅಂತ, ಪೈಪೋಟಿಯೇ ಇಲ್ಲದಿದ್ದರೆ `clean`. ಇದರಲ್ಲಿ ಪ್ರಾಣ ಇರುವುದು `base` ಅನ್ನೋದರಲ್ಲಿ. ಕಳೆದ ಸಲ ಸಿಂಕ್ ಆದಾಗ ಆ ಫೋನಿಗೆ ಕೊಟ್ಟಿದ್ದ ಸಂಖ್ಯೆ ಅದು, ಅಂದರೆ ಹುಡುಗ ಯಾವ ಸಂಖ್ಯೆ ನೋಡಿಕೊಂಡು ಬದಲಾಯಿಸಿದ ಅನ್ನೋದು. ಅದಿಲ್ಲದಿದ್ದರೆ 600 ಮತ್ತು 0 ಎರಡನ್ನು ಮುಂದಿಟ್ಟುಕೊಂಡು ಏನೂ ಹೇಳಕ್ಕಾಗಲ್ಲ. ಅದಿದ್ದರೆ ಲೆಕ್ಕ ಸುಲಭ: ಹುಡುಗ 480ಕ್ಕೆ 120 ಕೂಡಿಸಿದ, ಅಂಗಡಿಯವರು 480 ಕಳೆದರು, ಉಳಿಯಬೇಕಾದದ್ದು 120. ಈ `base` ಅನ್ನು ಫೋನೇ ನೆನಪಿಟ್ಟುಕೊಂಡು ಕಳಿಸಬೇಕು. ಆಮೇಲೆ ಊಹಿಸಿ ತುಂಬಿಸಲು ಬರುವುದಿಲ್ಲ.

ಇನ್ನೊಂದು ವಿಷಯ, ದಾಖಲೆಯ ಸಾಲು ಮತ್ತು ನಿಜವಾದ ಬದಲಾವಣೆ ಡೇಟಾಬೇಸಿನ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಇರಬೇಕು. ಎರಡೂ ಆಗಬೇಕು, ಇಲ್ಲಾ ಎರಡೂ ಆಗಬಾರದು. ಬೇರೆ ಬೇರೆ ಬರೆದರೆ ಮಧ್ಯೆ ಕರೆಂಟ್ ಹೋದಾಗ, ಆಗದ ಬದಲಾವಣೆಗೆ ದಾಖಲೆ ಇರುತ್ತದೆ, ಇಲ್ಲಾ ಆದದ್ದಕ್ಕೆ ಇರುವುದಿಲ್ಲ. ಅಂಥಾ ದಾಖಲೆ ಇಟ್ಟುಕೊಂಡು ಯಾರ ಮೇಲೂ ಮಾತಾಡುವ ಹಾಗಿಲ್ಲ.

ಇನ್ನು ಗಡಿಯಾರದ ಕಥೆ. ಕೊನೆಯದು ಗೆಲ್ಲುತ್ತದೆ ಅಂದೆನಲ್ಲ, ಕೊನೆಯದು ಯಾವುದು ಅಂತ ಹೇಳುವುದು ಆಯಾ ಫೋನಿನ ಗಡಿಯಾರ. ಒಂದು ಫೋನಿನಲ್ಲಿ ಯಾರೋ ದಿನಾಂಕವನ್ನು ಕೈಯಲ್ಲಿ ಬದಲಾಯಿಸಿ ಒಂದು ದಿನ ಮುಂದೆ ಇಟ್ಟಿದ್ದರೆ, ಅದರಿಂದ ಬಂದ ಸಂಖ್ಯೆಯನ್ನು ನಾಳೆ ಆ ಹೊತ್ತಿನ ತನಕ ಯಾರೂ ಸೋಲಿಸಕ್ಕಾಗಲ್ಲ. ಅದಕ್ಕೇ ದಾಖಲೆಯಲ್ಲಿ ಎರಡು ಸಮಯ ಇಡಬೇಕು, ಫೋನ್ ಹೇಳಿದ್ದೊಂದು, ಅಂಗಡಿಗೆ ತಲುಪಿದ್ದೊಂದು. ಫೋನಿನ ಸಮಯ ಹಿಂದಿದ್ದರೆ ಚಿಂತೆಯಿಲ್ಲ, ಸಿಗ್ನಲ್ ಇಲ್ಲದೆ ತಡವಾಗಿ ಬಂದಿರಬಹುದು. ತಲುಪಿದ ಸಮಯಕ್ಕಿಂತ ಮುಂದಿದ್ದರೆ? ನಾಳೆ ಬರೆದದ್ದು ಇವತ್ತು ತಲುಪಲು ಸಾಧ್ಯವಿಲ್ಲ ಅಲ್ವಾ, ಯಾವುದೋ ಒಂದು ಗಡಿಯಾರ ಕೆಟ್ಟಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ನಿಧಾನ ಓಡುವ ಗಡಿಯಾರ ಇಷ್ಟು ಸುಲಭವಾಗಿ ಸಿಕ್ಕಿಬೀಳುವುದಿಲ್ಲ, ತಡವಾಗಿ ಬಂದ ಫೋನಿನ ಹಾಗೇ ಕಾಣುತ್ತದೆ. ಅದಕ್ಕೆ ಸಿಂಕ್ ಶುರುವಾದಾಗ "ಈಗ ನಿನ್ನಲ್ಲಿ ಗಂಟೆ ಎಷ್ಟು" ಅಂತ ಫೋನನ್ನು ಕೇಳಿ ಅದನ್ನೂ ಬರೆದಿಡುತ್ತೇನೆ.

ಅಂದಹಾಗೆ, ನಮ್ಮಲ್ಲಿ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಇರಬೇಕು, ಅದನ್ನು ಆಫ್ ಮಾಡಲು ಆಗಬಾರದು ಅನ್ನೋ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಭಾವನದು ಕಂಪನಿಯಲ್ಲ, ಅದು ನಮಗೆ ಅನ್ವಯಿಸಲ್ಲ. ಆದರೂ ಒಂದು ಅನುಮಾನ ಕಾಡುತ್ತದೆ: ಸೋತು ಹೋದ 600 ತಿದ್ದುಪಡಿಯೇ ಅಲ್ಲವಲ್ಲ, ಲೆಕ್ಕಕ್ಕೆ ಅದು ಬರಲೇ ಇಲ್ಲ.

ದಾಖಲೆ ಇಟ್ಟರೆ ಸಾಲದು, ಯಾರಾದರೂ ಓದಬೇಕು. ದಿನಾ ನೂರಾರು ಸಾಲು ಬೀಳುತ್ತವೆ, ಬಹುಪಾಲು `clean`, ನೋಡುವ ಅಗತ್ಯವೇ ಇಲ್ಲದವು. ನನಗೆ ಬೇಕಾದ್ದು ಎರಡೂ ಕಡೆ ಬದಲಾಗಿ, ಬದಲಾದದ್ದು ಒಂದೇ ಅಲ್ಲದವು:

```
SELECT * FROM sync_log
WHERE here IS NOT base
  AND incoming IS NOT base
  AND here IS NOT incoming;
```

ನಾನು ಬಳಸುವುದು SQLite ಅನ್ನೋ ಡೇಟಾಬೇಸ್, ಅದರಲ್ಲಿ ಸಮ ಅಲ್ಲ ಅನ್ನೋದಕ್ಕೆ ಮೊದಲು `!=` ಅಂತ ಬರೆದು ಮೋಸ ಹೋಗಿದ್ದೆ. ಖಾಲಿ ಬಿಟ್ಟ ಜಾಗ ಡೇಟಾಬೇಸಿಗೆ `NULL`, ಅದರ ಜೊತೆ `!=` ಹಾಕಿ ಹೋಲಿಸಿದರೆ ಹೌದು ಅಂತಲೂ ಬರಲ್ಲ, ಇಲ್ಲ ಅಂತಲೂ ಬರಲ್ಲ, ಸಾಲು ಸುಮ್ನೆ ಜಾರಿಕೊಳ್ಳುತ್ತದೆ. ಒಬ್ಬರ ಫೋನ್ ನಂಬರ್ ಅಳಿಸಿಹೋದದ್ದು ಹಾಗೇ ತಪ್ಪಿಸಿಕೊಂಡಿತ್ತು, ಅದಕ್ಕೇ ಈಗ `IS NOT`.

ಮೊದಲ ವಾರ ಏಳು ಸಾಲು ಸಿಕ್ಕವು, ಅದರಲ್ಲಿ ಐದು ಬಾಕಿಯವು. ಅದನ್ನು ನೋಡಿದ ಮೇಲೆ ಬಾಕಿಯನ್ನು ಸಿಂಕ್ ಮಾಡುವುದನ್ನೇ ನಿಲ್ಲಿಸಿದೆ. ಈಗ ಫೋನ್ "600" ಅಂತ ಕಳಿಸಲ್ಲ, "ಮೂರು ಕ್ಯಾನ್, 120" ಅಂತ ಒಂದು ಸಾಲು ಕಳಿಸುತ್ತದೆ, ಅಂಗಡಿಯಲ್ಲಿ "480 ಜಮಾ" ಅಂತ ಇನ್ನೊಂದು. ಬಾಕಿ ಬೇಕಾದಾಗ ಕೂಡಿ ಕಳೆಯುವುದು, ಹಳೇ ಕಿರಾಣಿ ಅಂಗಡಿಯ ಖಾತೆ ಪುಸ್ತಕದ ಹಾಗೆ. ಇದಕ್ಕೂ ಒಂದು ಕಾಟ ಇದೆ: ಸಾಲು ತಲುಪಿ, ತಲುಪಿತು ಅನ್ನೋ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋದರೆ ಫೋನ್ ಅದನ್ನೇ ಮತ್ತೆ ಕಳಿಸುತ್ತದೆ, 120 ಎರಡು ಸಲ ಬೀಳುತ್ತದೆ. ಅದಕ್ಕೆ ಪ್ರತಿ ಸಾಲಿಗೂ ಫೋನಿನಲ್ಲೇ ಒಂದು ನಂಬರ್ ಕೊಟ್ಟು, ಅದೇ ನಂಬರ್ ಮತ್ತೆ ಬಂದರೆ ಅಂಗಡಿಯಲ್ಲಿ ತಗೊಳ್ಳದ ಹಾಗೆ ಮಾಡಿದ್ದೇನೆ. ತಗೊಳ್ಳದೇ ಇದ್ದದ್ದಕ್ಕೂ ದಾಖಲೆಯಲ್ಲಿ ಒಂದು ಸಾಲು ಬೀಳುತ್ತದೆ, ನಿಯಮದ ಹೆಸರು `duplicate`.

ಭಾವ ಹುಡುಗನನ್ನು ಕರೆದು ಟೀ ಕೊಡಿಸಿದರಂತೆ. ಯಾಕೆ ಅಂತ ಅವನಿಗೆ ಹೇಳಲಿಲ್ಲವಂತೆ.