ತಾಳೆ ಗುರುತು: ಎಣಿಸಿ ಮುಗಿದ ಮೇಲೆ ಎಳೆಯುವ ಗೆರೆಯಲ್ಲ

ಮೊನ್ನೆ ಮತ್ತೊಂದು ಅಭ್ಯಾಸದ ಹಾಳೆ ಕಣ್ಣಿಗೆ ಬಿತ್ತು. ಎಡಗಡೆ ಹಣ್ಣುಗಳ ಹೆಸರು, ಅದರ ಪಕ್ಕದಲ್ಲಿ ಆ ಹಣ್ಣು ಇಷ್ಟಪಡುವ ಮಕ್ಕಳ ಸಂಖ್ಯೆ, ಕೊನೆಯಲ್ಲಿ ಖಾಲಿ ಬಿಟ್ಟ ‘ತಾಳೆ ಗುರುತು’ ಎಂಬ ಅಂಕಣ. ಮಾವಿನ ಮುಂದೆ 13 ಎಂದು ಮೊದಲೇ ಅಚ್ಚಾಗಿದೆ. ಮಗು ಅದನ್ನು ನೋಡಿ 13 ಗೆರೆ ಎಳೆಯಬೇಕು. ಇಂಥ ಹಾಳೆಗಳನ್ನು ನೋಡಿ ನೋಡಿ ಸಾಕಾಗಿದೆ. ತಾಳೆ ಗುರುತು ಎಂದರೆ ಎಣಿಸುತ್ತಿರುವಾಗಲೇ ಒಂದಕ್ಕೆ ಒಂದರಂತೆ ಎಳೆಯುವ ಗೆರೆ. ಸಂಖ್ಯೆ ಗೊತ್ತಾದ ಮೇಲೆ ಎಳೆದ ಗೆರೆ ತಾಳೆ ಗುರುತು ಅಲ್ಲ, ಅದು ಬರಿಯ ಅಲಂಕಾರ. ಕೆಲವು ಕಡೆ ಹಾಜರಿಗೆ ಹಾಕುವ ಸರಿ ಚಿಹ್ನೆಯನ್ನೂ ಇದೇ ಹೆಸರಿನಿಂದ ಕರೆಯುತ್ತಾರೆ. ಅದೂ ತಪ್ಪೇ, ಆದರೆ ಮೊದಲನೆಯದರಷ್ಟು ಹಾನಿ ಮಾಡುವುದಿಲ್ಲ.

ತಾಳೆ ಗುರುತಿಗೆ ಇಂಗ್ಲಿಷಿನಲ್ಲಿ ‘ಟ್ಯಾಲಿ ಮಾರ್ಕ್’ ಎನ್ನುತ್ತಾರೆ, ಆ ಪದದ ಒಳಗೇ ಉತ್ತರವಿದೆ. ಇಂಗ್ಲಿಷಿನ ‘ಟ್ಯಾಲಿ’ಯ ಮೂಲ ಲ್ಯಾಟಿನ್ನಿನ ‘ತಾಲಿಯಾ’. ಕತ್ತರಿಸಿದ ಕೋಲು ಎಂದು ಅದರ ಅರ್ಥ. ಇಂಗ್ಲೆಂಡಿನ ಖಜಾನೆಯಲ್ಲಿ ನೂರಾರು ವರ್ಷ ಲೆಕ್ಕ ನಿಂತದ್ದು ಇಂಥ ಕೋಲುಗಳ ಮೇಲೆ. ಕೊಟ್ಟ ಹಣಕ್ಕೆ ತಕ್ಕಂತೆ ಕೋಲಿಗೆ ಅಡ್ಡ ಕಚ್ಚು ಹಾಕುತ್ತಿದ್ದರು. ಸಾವಿರ ಪೌಂಡಿಗೆ ಅಂಗೈ ಅಗಲದ ಕಚ್ಚು, ನೂರಕ್ಕೆ ಹೆಬ್ಬೆರಳಿನಷ್ಟು, ಇಪ್ಪತ್ತಕ್ಕೆ ಕಿರುಬೆರಳಿನಷ್ಟು. ಆಮೇಲೆ ಕೋಲನ್ನು ಉದ್ದಕ್ಕೆ ಸೀಳಿ, ಕೊಟ್ಟವನಿಗೆ ಒಂದು ಹೋಳು, ಪಡೆದವನಿಗೆ ಇನ್ನೊಂದು. ತಕರಾರು ಬಂದರೆ ಎರಡೂ ಹೋಳುಗಳನ್ನು ಒಟ್ಟಿಗೆ ಹಿಡಿಯಬೇಕು. ಯಾರಾದರೂ ಕಳ್ಳತನದಿಂದ ಒಂದು ಕಚ್ಚು ಸೇರಿಸಿದ್ದರೆ ಅದು ಎದುರು ಹೋಳಿನಲ್ಲಿ ಇರುವುದಿಲ್ಲ, ಮರದ ಎಳೆಯೂ ಸುಳ್ಳು ಹೇಳುವುದಿಲ್ಲ. 1826ರಲ್ಲಿ ಈ ಪದ್ಧತಿ ನಿಂತಿತು. ಉಳಿದಿದ್ದ ಕೋಲುಗಳ ರಾಶಿಯನ್ನು 1834ರ ಅಕ್ಟೋಬರ್ 16ರಂದು ಪಾರ್ಲಿಮೆಂಟಿನ ನೆಲಮಾಳಿಗೆಯ ಒಲೆಗಳಲ್ಲಿ ಸುಡುವಾಗ ಬೆಂಕಿ ಮೇಲೇರಿ ಕಟ್ಟಡದ ಬಹುಭಾಗವೇ ಉರಿದುಹೋಯಿತು.

ಹಾಗಾಗಿ ಟ್ಯಾಲಿ ಎಂಬ ಒಂದೇ ಪದಕ್ಕೆ ಎರಡು ಮುಖ: ಗುರುತು ಹಾಕಿ ಎಣಿಸುವುದು, ಎರಡನ್ನು ಜೋಡಿಸಿ ಹೊಂದುತ್ತದೆಯೇ ಎಂದು ನೋಡುವುದು. ಕನ್ನಡದ ‘ತಾಳೆ’ಗೆ ಇರುವುದು ಎರಡನೆಯ ಮುಖ ಮಾತ್ರ. ನಾವು ರಸೀದಿಯನ್ನು ಪುಸ್ತಕದೊಂದಿಗೆ ತಾಳೆ ನೋಡುತ್ತೇವೆ, ಲೆಕ್ಕ ತಾಳೆಯಾಗಲಿಲ್ಲ ಎನ್ನುತ್ತೇವೆ, ಆದರೆ ಹತ್ತು ತೆಂಗಿನಕಾಯಿ ತಾಳೆ ಮಾಡಿದೆ ಎಂದು ಯಾರೂ ಹೇಳುವುದಿಲ್ಲ. ಉಚ್ಚಾರ ಹತ್ತಿರವಿದೆ ಎಂದು ಟ್ಯಾಲಿಯೇ ತಾಳೆಯಾಯಿತು ಎನ್ನುವವರಿದ್ದಾರೆ. ಮರಾಠಿಯಲ್ಲಿ ಲೆಕ್ಕದ ಸರಿತಪ್ಪು ಪರೀಕ್ಷೆಗೆ ‘ತಾಳಾ’ ಎನ್ನುತ್ತಾರೆ, ಆಸ್ತಿ ಮತ್ತು ಹೊಣೆಗಳ ಪಟ್ಟಿಗೆ ‘ತಾಳೇಬಂದ’. ನಮ್ಮ ತಾಳೆ ಆ ಮನೆಯದು ಎಂದೇ ನನ್ನ ಎಣಿಕೆ. ತಾಳೆಮರಕ್ಕೂ ಇದಕ್ಕೂ ಸಂಬಂಧವಿಲ್ಲ. ಹಣ್ಣಿನ ಪಾಠವಾದ್ದರಿಂದ ಇದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು, ತಾಳೆ ಹಣ್ಣಿನ ಗುರುತು ಎಂದುಕೊಳ್ಳುವ ಮಗು ಪ್ರತಿ ತರಗತಿಯಲ್ಲೂ ಇರುತ್ತದೆ.

ಎಣಿಕೆಯ ಗೆರೆಗೆ ‘ಗೀಟು’ ಎಂಬ ಒಳ್ಳೆಯ ಪದ ನಮ್ಮಲ್ಲೇ ಇತ್ತು. ಗೋಡೆಯ ಮೇಲೆ ಇದ್ದಿಲಿನಿಂದ ಹಾಲಿನ ಲೆಕ್ಕದ ಗೀಟು ಎಳೆದ ಮನೆಗಳು ಎಷ್ಟಿಲ್ಲ! ಆದರೂ ‘ತಾಳೆ ಗುರುತು’ ಎಂಬ ಹೆಸರಿಗೆ ನನ್ನ ವಿರೋಧವಿಲ್ಲ. ಒಂದು ಗೆರೆ ಒಂದು ಮಗುವಿನ ಉತ್ತರಕ್ಕೆ ಜೋಡಿ, ಕೋಲಿನ ಎರಡು ಹೋಳುಗಳ ಹಾಗೆ. ಆ ಜೋಡಿ ಏರ್ಪಡುವುದು ಉತ್ತರ ಕಿವಿಗೆ ಬಿದ್ದ ಗಳಿಗೆಯಲ್ಲಿ.

ಇದು ತರಗತಿಯಲ್ಲಿ ಕೆಡುವುದು ಹೇಗೆಂದರೆ, ಶಿಕ್ಷಕರು “ಮಾವು ಇಷ್ಟ ಇರುವವರು ಕೈ ಎತ್ತಿ” ಎನ್ನುತ್ತಾರೆ. 13 ಕೈ ಏಳುತ್ತವೆ, ಎಣಿಸುತ್ತಾರೆ, ಬರೆಯುತ್ತಾರೆ. ಅಲ್ಲಿಗೆ ಗೆರೆಯ ಅಗತ್ಯವೇ ಮುಗಿಯಿತು. ಅದಕ್ಕೇ ಮಕ್ಕಳು ಅದನ್ನು ಕೊನೆಗೆ ಅಂಟಿಸುವ ಚಿತ್ರ ಎಂದು ತಿಳಿಯುತ್ತಾರೆ. ಜೊತೆಗೆ ಗೆಳತಿ ಕೈ ಎತ್ತಿದಳೆಂದು ಇನ್ನೊಬ್ಬಳೂ ಎತ್ತುತ್ತಾಳೆ. ಹಾಗೆ ಮಾಡದೆ ಹಾಜರಿ ಪುಸ್ತಕದ ಕ್ರಮದಲ್ಲಿ ಒಬ್ಬೊಬ್ಬರನ್ನೇ ಕೇಳಬೇಕು. ಆಗ ಉತ್ತರಗಳು ಮಾವು, ಬಾಳೆ, ಮಾವು, ಹಲಸು, ದ್ರಾಕ್ಷಿ ಎಂದು ಕಲಸಿಕೊಂಡು ಬರುತ್ತವೆ. ಐದು ಎಣಿಕೆಗಳನ್ನು ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳಲು ಯಾರಿಗೂ ಆಗದು. ಗೆರೆ ಏಕೆ ಬೇಕು ಎಂಬುದನ್ನು ಮಗುವಿಗೆ ಬೇರೆ ಹೇಳಬೇಕಾಗುವುದಿಲ್ಲ.

ಒಂದು ತರಗತಿಯ ಲೆಕ್ಕ ನೋಡೋಣ. ಅಂದು ಹಾಜರಿದ್ದವರು 34. ಗೆರೆಗಳು ಬಂದದ್ದು 36. ಎರಡು ಹೆಚ್ಚು ಹೇಗಾಯಿತು? ಕೇಳಿದ ಪ್ರಶ್ನೆ “ನಿನಗೆ ಯಾವ ಹಣ್ಣು ಇಷ್ಟ?” ಎಂದು. ಕನ್ನಡದಲ್ಲಿ ಈ ಪ್ರಶ್ನೆಗೆ “ಮಾವು, ಹಲಸು ಎರಡೂ” ಎಂಬ ಉತ್ತರ ಪೂರ್ತಿ ಸರಿ. ಇಬ್ಬರು ಹಾಗೆ ಹೇಳಿದ್ದರು, ಬರೆಯುವ ಹುಡುಗ ಎರಡೂ ಸಾಲಿಗೆ ಗೆರೆ ಎಳೆದಿದ್ದ. “ಎಲ್ಲಕ್ಕಿಂತ ಹೆಚ್ಚು ಇಷ್ಟ ಯಾವುದು?” ಎಂದು ಕೇಳಿದರೆ ಮಾತ್ರ ಒಬ್ಬರಿಗೆ ಒಂದೇ ಗೆರೆ. ಮತ್ತೆ ಕೇಳಿದಾಗ ಗೆರೆಗಳು 34ಕ್ಕೆ ನಿಂತವು, ಆದರೆ ಸಾಲುಗಳು ಐದರ ಬದಲು ಆರು. ನಾಲ್ವರು ಸೀಬೆ ಎಂದಿದ್ದರು, ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳ ಇಬ್ಬರು ಪೇರಲ ಎಂದಿದ್ದರು. ಹಣ್ಣು ಒಂದೇ. ಈ ತಪ್ಪನ್ನು ಮೊತ್ತ ತೋರಿಸಿಕೊಡುವುದಿಲ್ಲ, ಏಕೆಂದರೆ ಮೊತ್ತ ಸರಿಯಾಗಿಯೇ ಇದೆ. ಕೇಳುವ ಮೊದಲೇ ಹಣ್ಣುಗಳ ಹೆಸರನ್ನು ಗೊತ್ತುಮಾಡಿಕೊಳ್ಳುವುದೊಂದೇ ದಾರಿ. ಎರಡೂ ಸಾಲು ಸೇರಿಸಿದ ಮೇಲೆ ಮಾವು 13, ಬಾಳೆ 7, ಸೀಬೆ 6, ದ್ರಾಕ್ಷಿ 5, ಹಲಸು 3.

ಐದನೆಯ ಗೆರೆಯ ಬಗ್ಗೆ ಒಂದು ಮಾತು. ನಿಂತ ಗೆರೆ ನಾಲ್ಕು, ಅವುಗಳ ಮೇಲೆ ಓರೆಯಾಗಿ ಎಳೆದದ್ದು ಐದನೆಯದು. ಆ ಓರೆ ಗೆರೆಯೂ ಒಂದು ಮಗು. ಐದು ನಿಲ್ಲಿಸಿ ಆಮೇಲೆ ಕಟ್ಟು ಕಟ್ಟುವ ಮಕ್ಕಳ ಹಾಳೆಯಲ್ಲಿ ಪ್ರತಿ ಕಟ್ಟಿನಲ್ಲೂ ಆರು ಗೆರೆ ಇರುತ್ತವೆ, ಅವರು ಓದುವುದು ಐದೆಂದೇ. ಎಣಿಸದೆ ಒಂದೇ ನೋಟಕ್ಕೆ ಕಣ್ಣು ಗುರುತಿಸುವುದು ಮೂರೋ ನಾಲ್ಕೋ ವಸ್ತುಗಳನ್ನು ಮಾತ್ರ. ಅದರಾಚೆಗೆ ಹೋಗುವ ಮೊದಲು ಕಟ್ಟು ಬೀಳಬೇಕು. ಚೀನಾ, ಜಪಾನಿನ ಮಕ್ಕಳು ಇದೇ ಕೆಲಸಕ್ಕೆ ಐದು ಗೆರೆಗಳ ಒಂದು ಅಕ್ಷರವನ್ನು ಗೆರೆಗೊಂದರಂತೆ ಪೂರ್ತಿ ಮಾಡುತ್ತಾ ಹೋಗುತ್ತಾರೆ.

ಎಣಿಕೆಯನ್ನು ಚಿತ್ರಗಳ ಸಾಲಾಗಿ ತೋರಿಸುವ ಚಿತ್ರನಕ್ಷೆ ಬರುವುದು ಇದೆಲ್ಲ ಮುಗಿದ ಮೇಲೆ, ಮತ್ತು ಅದು ಬೇರೆಯೇ ವಸ್ತು. ಗೆರೆ ಎಂದಿಗೂ ಒಬ್ಬರಿಗೆ ಒಂದು. ಚಿತ್ರಕ್ಕೆ ಬೆಲೆಯನ್ನು ನಾವು ಕೊಡಬೇಕು, ಕೊಟ್ಟದ್ದನ್ನು ನಕ್ಷೆಯ ಕೆಳಗೆ ಬರೆಯಬೇಕು. ಒಂದು ಚಿತ್ರಕ್ಕೆ ಇಬ್ಬರು ಮಕ್ಕಳು ಎಂದಿಟ್ಟುಕೊಂಡರೆ ಮೇಲಿನ ಮಾವಿನ ಸಾಲಿಗೆ ಆರೂವರೆ ಚಿತ್ರ ಬರುತ್ತದೆ. ಆ ಅರ್ಧ ಹಣ್ಣು ಒಂದು ಪೂರ್ತಿ ಮಗು ಎಂಬುದನ್ನು ಮಕ್ಕಳು ಒಪ್ಪಲು ಸ್ವಲ್ಪ ಹೊತ್ತು ಬೇಕು, ಆ ಹೊತ್ತನ್ನು ಕೊಡಬೇಕು. ಐವರಿಗೆ ಒಂದು ಚಿತ್ರ ಎಂದಿಟ್ಟರೆ 7 ಬಾಳೆಗೆ ಹಣ್ಣನ್ನು ಐದು ಭಾಗ ಮಾಡಿ ಎರಡನ್ನು ಬರೆಯಬೇಕಾಗುತ್ತದೆ, ನಾಲ್ಕನೇ ತರಗತಿಗೆ ಅದು ಸಲ್ಲದು.

ಇನ್ನು ಚಿತ್ರದ ಗಾತ್ರ. ಮಕ್ಕಳು ಹಲಸನ್ನು ಹಲಸಿನಷ್ಟೇ ದೊಡ್ಡದಾಗಿ, ದ್ರಾಕ್ಷಿಯನ್ನು ಕಾಳಿನಷ್ಟು ಚಿಕ್ಕದಾಗಿ ಬರೆಯುತ್ತಾರೆ. ಆಗ ಮೂವರ ಹಲಸಿನ ಸಾಲು ಐವರ ದ್ರಾಕ್ಷಿಯ ಸಾಲಿಗಿಂತ ಉದ್ದವಾಗಿ ಕಾಣುತ್ತದೆ, ನೋಡಿದವರು ಹಲಸೇ ಹೆಚ್ಚೆಂದು ಓದುತ್ತಾರೆ. ಚೌಕುಳಿ ಹಾಳೆ ಕೊಟ್ಟು, ಎಲ್ಲ ಸಾಲುಗಳೂ ಎಡಗಡೆಯ ಒಂದೇ ಗೆರೆಯಿಂದ ಹೊರಡುವಂತೆ ಮಾಡಿ, ಹಲಸಾಗಲಿ ದ್ರಾಕ್ಷಿಯಾಗಲಿ ಒಂದು ಚೌಕದೊಳಗೇ ಬರೆಯಿಸಬೇಕು.